ಸಹಿ ಅವರದು

ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಗ್ರಂಥದ ಬಗ್ಗೆಯೇ ಈ ಪ್ರಶ್ನೆ ಇದೆ. ಕ್ರಿ.ಶ. 850ರ ಸುಮಾರಿನ 'ಕವಿರಾಜಮಾರ್ಗ'ವನ್ನು ಬರೆದವರು ಯಾರು? ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನೇ ಬರೆದ ಎಂದು ನಂಬಿದವರಿದ್ದರು. ಅವನ ಆಸ್ಥಾನದ ಶ್ರೀವಿಜಯ ಬರೆದ ಎಂಬುದು ಈಗ ಹೆಚ್ಚು ಜನ ಒಪ್ಪುವ ಮಾತು. ಗ್ರಂಥ ಮಾತ್ರ ತನ್ನನ್ನು 'ನೃಪತುಂಗದೇವಾನುಮತ' ಎಂದು ಕರೆದುಕೊಳ್ಳುತ್ತದೆ. ಅನುಮತ, ಅಂದರೆ ದೊರೆ ಒಪ್ಪಿದ್ದು. ದೊರೆ ಬರೆದದ್ದು ಎಂದು ಹೇಳಿಲ್ಲ, ಬರೆಯಲಿಲ್ಲ ಎಂದೂ ಹೇಳಿಲ್ಲ. ಆ ಪದವನ್ನು ಆರಿಸಿದವರಿಗೆ ನನ್ನ ಕಸುಬಿನ ಇಕ್ಕಟ್ಟು ಚೆನ್ನಾಗಿ ಗೊತ್ತಿದ್ದಿರಬೇಕು.

ನಾನು ಮುಂಬೈಯಲ್ಲಿ ಕೂತು ಕಂಪನಿ ನಡೆಸುವವರಿಗಾಗಿ ಇಂಗ್ಲಿಷಿನಲ್ಲಿ ಬರೆಯುತ್ತೇನೆ. ಷೇರುದಾರರಿಗೆ ವರ್ಷಕ್ಕೊಮ್ಮೆ ಹೋಗುವ ಪತ್ರ, ಘಟಿಕೋತ್ಸವದ ಭಾಷಣ, ಲಿಂಕ್ಡ್‌ಇನ್ ಪೋಸ್ಟು, ಮತ್ತು ಒಂದೂವರೆ ಎರಡು ವರ್ಷಕ್ಕೊಂದು ಪುಸ್ತಕ. ಸಹಿ ಅವರದು. ಈ ಕೆಲಸಕ್ಕೆ ಘೋಸ್ಟ್ ರೈಟಿಂಗ್ ಎಂಬ ಹೆಸರು ಬಿಟ್ಟರೆ ಕನ್ನಡದಲ್ಲಿ ಒಳ್ಳೆಯ ಪದ ಹುಟ್ಟಿಲ್ಲ. 'ಭೂತ ಬರಹಗಾರ' ಅಂದರೆ ನಮ್ಮ ಕರಾವಳಿಯವರು ನಗುತ್ತಾರೆ. ಅಲ್ಲಿ ಪಾತ್ರಿಯ ಬಾಯಲ್ಲಿ ಭೂತ ಮಾತಾಡುತ್ತದೆ, ಇಲ್ಲಿ ಭೂತ ಬರೆದದ್ದನ್ನು ಧಣಿಗಳು ಆಡುತ್ತಾರೆ.

ಇದು ಸುಳ್ಳಲ್ಲವೇ ಎಂದು ಕೇಳುವವರಿದ್ದಾರೆ. ಅವರಿಗೆ ಸಾಮಾನ್ಯವಾಗಿ ಎರಡು ಉತ್ತರ ಸಿಗುತ್ತವೆ. ಒಂದು, ಎಲ್ಲರಿಗೂ ಗೊತ್ತಿರುವ ವಿಷಯ ಇದು, ಇಷ್ಟು ದೊಡ್ಡ ಕೆಲಸದಲ್ಲಿರುವವರು ತಾವೇ ಕೂತು ಬರೆಯುತ್ತಾರೆಂದು ಯಾರೂ ತಿಳಿಯುವುದಿಲ್ಲ. ಇನ್ನೊಂದು, ಅವರು ಪ್ರತಿ ಸಾಲನ್ನೂ ಓದಿ ಒಪ್ಪಿದ್ದಾರೆ, ಆದ್ದರಿಂದ ಅದು ಅವರದೇ. ಮೊದಲ ಉತ್ತರ ಭಾಷಣಕ್ಕೆ, ವಾರ್ಷಿಕ ಪತ್ರಕ್ಕೆ ಸರಿಹೋಗುತ್ತದೆ, ಆತ್ಮಕಥೆಗೆ ಅಷ್ಟಾಗಿ ಹೊಂದುವುದಿಲ್ಲ. ಎರಡನೆಯದು ನೃಪತುಂಗನ ಉತ್ತರ. ನನಗೆ ತೊಡಕಾಗಿ ಕಾಣುವುದು ಅದೇ. ಒಪ್ಪಿಗೆ ಕೊಡುವುದು ಬಹಳ ಸುಲಭ. ತನ್ನ ಬಗ್ಗೆ ಚೆನ್ನಾಗಿ ಬರೆದದ್ದನ್ನು ಓದಿ ಒಪ್ಪದವರನ್ನು ನಾನು ಕಂಡಿಲ್ಲ.

ಈ ಕಸುಬಿನ ಹಿರಿಯ ಎಂದು ನಾನು ಲೆಕ್ಕ ಹಿಡಿಯುವುದು ಲಿಸಿಯಾಸ್ ಎಂಬವನನ್ನು. ಕ್ರಿಸ್ತಪೂರ್ವ ಐದು ಮತ್ತು ನಾಲ್ಕನೇ ಶತಮಾನದ ಅಥೆನ್ಸಿನವನು. ಅಲ್ಲಿ ಬಾಳಿದರೂ ಅಲ್ಲಿಯ ನಾಗರಿಕನಲ್ಲ. ಅವನ ತಂದೆ ಸಿರಾಕ್ಯೂಸಿನಿಂದ ಬಂದು ನೆಲೆಸಿದ್ದರು. ನಮ್ಮ ಹಾಗೆ ವಲಸೆಗಾರರ ಮಗ. ಆ ಊರಿನ ನ್ಯಾಯಾಲಯದಲ್ಲಿ ವಕೀಲರಿರಲಿಲ್ಲ, ಕಕ್ಷಿದಾರ ತನ್ನ ಮಾತನ್ನು ತಾನೇ ಆಡಬೇಕಿತ್ತು. ಹಾಗಾಗಿ ಹಣ ಕೊಟ್ಟು ಭಾಷಣ ಬರೆಸಿಕೊಳ್ಳುವ ಪದ್ಧತಿ ಬೆಳೆಯಿತು. ಲಿಸಿಯಾಸ್ ಅದರಲ್ಲಿ ಪಳಗಿದವನು. ಹೆಂಡತಿಯ ಪ್ರಿಯಕರನನ್ನು ಕೊಂದ ಒಬ್ಬ ಸಾಮಾನ್ಯ ಗೃಹಸ್ಥನಿಗೆ ಅವನು ಬರೆದ ಭಾಷಣ ಉಳಿದುಬಂದಿದೆ. ಅದರಲ್ಲಿ ಆ ಮನುಷ್ಯ ತನ್ನ ಪುಟ್ಟ ಮನೆಯನ್ನು ವಿವರಿಸುತ್ತಾನೆ. ಮೇಲಿನ ಮಹಡಿ ಹೆಂಗಸರದು, ಕೆಳಗಿನದು ಗಂಡಸರದು. ಮಗು ಹುಟ್ಟಿದ ಮೇಲೆ, ರಾತ್ರಿ ಅದನ್ನು ತೊಳೆಯಲು ಹೆಂಡತಿ ಏಣಿ ಇಳಿಯುವ ಅಪಾಯ ಬೇಡವೆಂದು, ತಾನು ಮೇಲೆ ಹೋಗಿ ಅವಳನ್ನು ಕೆಳಗೆ ಬಿಟ್ಟೆ ಎನ್ನುತ್ತಾನೆ. ಅಂಥ ವಿವರ ಬರೆಯುವವನ ತಲೆಯಿಂದ ಬರುವುದಲ್ಲ, ಕಕ್ಷಿದಾರನನ್ನು ಕೂರಿಸಿ ಕೇಳಿದಾಗ ಮಾತ್ರ ಬರುತ್ತದೆ. ಲಿಸಿಯಾಸ್ ಬರೆಯುವಾಗ ಆಡುವವನ ಸ್ವಭಾವವೇ ಮಾತಾಡುತ್ತದೆ ಎಂದು ಮುಂದೆ ಡಯೊನಿಸಿಯಸ್ ಎಂಬ ವಿಮರ್ಶಕ ಹೊಗಳಿದ.

ನನಗೆ ಅಲ್ಲಿ ಮುಖ್ಯವಾಗಿ ಕಾಣುವುದು ಬೇರೆ. ಭಾಷಣ ಬರೆಸಿಕೊಂಡವನು ಅದನ್ನು ಊರಿನವರ ಎದುರು ನಿಂತು ತಾನೇ ಆಡಬೇಕಿತ್ತು. ಎದುರಾಳಿ ಪ್ರಶ್ನೆ ಕೇಳಿದರೆ ಉತ್ತರಿಸಬೇಕಾದವನೂ ಅವನೇ. ಆ ಹೊತ್ತಿನಲ್ಲಿ ಲಿಸಿಯಾಸ್ ಸಹಾಯಕ್ಕೆ ಬರುವಂತಿರಲಿಲ್ಲ. ನಾನು ಇಟ್ಟುಕೊಂಡಿರುವ ಅಳತೆ ಇದೇ. ನಾನು ಬರೆದದ್ದನ್ನು ಓದಿದ ಒಬ್ಬರು ಸಹಿ ಮಾಡಿದವರ ಹತ್ತಿರ ಬಂದು ಮುಂದಿನ ಪ್ರಶ್ನೆ ಕೇಳಿದರೆ, ಅವರು ತಮ್ಮೊಳಗಿನಿಂದ ಉತ್ತರ ಕೊಡಬಲ್ಲರೇ? ಕೊಡಬಲ್ಲರಾದರೆ ಅದು ಅವರ ಮಾತು, ಪದ ಜೋಡಿಸಿದವರು ಯಾರೇ ಇರಲಿ. ಕೊಡಲಾರರಾದರೆ ಎಷ್ಟು ಸಲ ಓದಿ ಒಪ್ಪಿದ್ದರೂ ಅದು ನನ್ನ ಮಾತು.

ವಿದ್ಯಾರ್ಥಿಗಳ ಥೀಸಿಸ್ ಬರೆದುಕೊಡುವ ಕೆಲಸವನ್ನು ನಾನು ತೆಗೆದುಕೊಳ್ಳದಿರುವುದೂ ಇದಕ್ಕೇ. ಅಲ್ಲಿ ಮುಂದಿನ ಪ್ರಶ್ನೆ ಕೇಳುವುದೇ ಪರೀಕ್ಷೆ. ಸಂತಾಪ ಪತ್ರ ಕೇಳಿದಾಗ ಮಾತ್ರ ಸ್ವಲ್ಪ ಯೋಚಿಸುತ್ತೇನೆ. ತೀರಿಕೊಂಡ ನೌಕರರ ಹೆಂಡತಿಗೆ ಕಳಿಸಲು ನಾಲ್ಕು ಸಾಲು ಬೇಕು ಎಂದು ಆಫೀಸಿನಿಂದ ಮೆಸೇಜ್ ಬರುತ್ತದೆ. ಆಗ ಆ ಮನುಷ್ಯರ ಬಗ್ಗೆ ನಿಮಗೆ ನೆನಪಿರುವ ಒಂದು ಸಂಗತಿ ಹೇಳಿ ಎಂದು ಕೇಳುತ್ತೇನೆ. ಏನೂ ನೆನಪಿಲ್ಲವೆಂದರೆ ಎರಡು ಸಾಲು ಸಾಕು, ಅವು ಕಂಪನಿಯ ಪರವಾಗಿ ಹೋಗಲಿ.

ಹಣದ ವಿಷಯ ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ಕೆಲಸದಲ್ಲಿ ಹಣ ಕೊಡುವ ರೀತಿಯೇ ಮಾತು ಯಾರದಾಗುತ್ತದೆ ಎಂಬುದನ್ನು ಅರ್ಧ ತೀರ್ಮಾನಿಸಿಬಿಡುತ್ತದೆ. ಪದಕ್ಕಿಷ್ಟು ಎಂದು ಕೊಟ್ಟರೆ ಬರಹ ಉದ್ದವಾಗುತ್ತದೆ. ಐದು ಮಾತಿನಲ್ಲಿ ಮುಗಿಸುವ ಮನುಷ್ಯರಿಗೆ ಹದಿನೈದು ಮಾತು ಬರುತ್ತವೆ. ಪುಸ್ತಕದ ರಾಯಲ್ಟಿಯಲ್ಲಿ ಪಾಲು ಎಂದರೆ ಬದುಕು ಸ್ವಲ್ಪ ನಾಟಕೀಯವಾಗುತ್ತದೆ, ಯಾಕೆಂದರೆ ನಾಟಕ ಮಾರಾಟವಾಗುತ್ತದೆ. ಡೊನಾಲ್ಡ್ ಟ್ರಂಪ್ ಅವರ 1987ರ 'ದಿ ಆರ್ಟ್ ಆಫ್ ದಿ ಡೀಲ್' ಪುಸ್ತಕಕ್ಕೆ ಟೋನಿ ಶ್ವಾರ್ಟ್ಸ್ ಪಡೆದದ್ದು ಮುಂಗಡದಲ್ಲಿ ಅರ್ಧ, ರಾಯಲ್ಟಿಯಲ್ಲಿ ಅರ್ಧ, ಜೊತೆಗೆ ಮುಖಪುಟದಲ್ಲಿ ಹೆಸರು. ಟ್ರಂಪ್ ಕೂತು ಮಾತಾಡುವ ತಾಳ್ಮೆಯವರಲ್ಲದ ಕಾರಣ ಅವರ ಫೋನ್ ಸಂಭಾಷಣೆಗಳನ್ನು ಕೇಳಿಸಿಕೊಂಡು ಶ್ವಾರ್ಟ್ಸ್ ಸಾಮಗ್ರಿ ಕೂಡಿಸಿದರು. ತಾನು ಕಂಡ ಮನುಷ್ಯನಿಗಿಂತ ಇಷ್ಟವಾಗುವಂಥ ಮನುಷ್ಯನನ್ನು ಪುಸ್ತಕದಲ್ಲಿ ಕಟ್ಟಿದ್ದಕ್ಕಾಗಿ 2016ರಲ್ಲಿ ಬಹಿರಂಗವಾಗಿ ಪಶ್ಚಾತ್ತಾಪ ಪಟ್ಟರು. ಈ ಕಸುಬಿನ ನೀತಿ ಚರ್ಚೆಗೆ ಅಷ್ಟು ದುಬಾರಿ ಉದಾಹರಣೆ ಇನ್ನೊಂದಿಲ್ಲ.

ಎಲ್ಲಕ್ಕಿಂತ ಅಪಾಯ ತಿಂಗಳ ಸಂಬಳದಂಥ ಏರ್ಪಾಡು, ರಿಟೇನರ್ ಎನ್ನುತ್ತಾರೆ. ತಿಂಗಳಿಗೆ ಎಂಟು ಪೋಸ್ಟು, ಇಷ್ಟು ಹಣ. ಮೊದಲ ಎರಡು ತಿಂಗಳು ಅವರು ವಾರಕ್ಕೆ ಅರ್ಧ ಗಂಟೆ ಮಾತಾಡುತ್ತಾರೆ. ಮೂರನೇ ತಿಂಗಳಿಂದ ಪುರುಸೊತ್ತಿಲ್ಲ. ಎಂಟು ಪೋಸ್ಟು ಮಾತ್ರ ಹೋಗಲೇಬೇಕು. ಆಗ ಬಜೆಟ್ ಬಗ್ಗೆ, ಮಹಿಳಾ ದಿನದ ಬಗ್ಗೆ, ಸೋಲಿನ ಪಾಠದ ಬಗ್ಗೆ ಅವರಿಗೆ ಅಭಿಪ್ರಾಯಗಳು ಹುಟ್ಟತೊಡಗುತ್ತವೆ, ಹುಟ್ಟುವುದು ನನ್ನ ಮನೆಯಲ್ಲಿ. ಹೀಗಾಗಿ ನನ್ನ ರಿಟೇನರ್ ಕರಾರಿನಲ್ಲಿ ಪೋಸ್ಟುಗಳ ಲೆಕ್ಕ ಇರುವುದಿಲ್ಲ, ಮಾತುಕತೆಯ ಲೆಕ್ಕ ಇರುತ್ತದೆ. ತಿಂಗಳಿಗೆ ಎರಡು ಸಲ ನಲವತ್ತೈದು ನಿಮಿಷ, ಅದರಿಂದ ಬಂದಷ್ಟು ಪೋಸ್ಟು. ಮಾತುಕತೆ ನಡೆಯದಿದ್ದರೆ ಪೋಸ್ಟಿಲ್ಲ, ಕಾದಿಟ್ಟ ಸಮಯಕ್ಕೆ ಹಣ ಮಾತ್ರ ಇದೆ. ಈ ಕಲಮನ್ನು ಕೇಳಿ ಕೆಲವರು ಬೇರೆಯವರ ಹತ್ತಿರ ಹೋಗಿದ್ದಾರೆ.

ಪುಸ್ತಕಕ್ಕೆ ನಾನು ಒಟ್ಟು ಮೊತ್ತ ಹೇಳುತ್ತೇನೆ. ಮುಂದೆ ಹೇಳಲಿರುವ ಪುಸ್ತಕದ ಲೆಕ್ಕವನ್ನೇ ಕೊಡುವುದಾದರೆ, ಸುಮಾರು 55,000 ಪದಗಳ ಹಸ್ತಪ್ರತಿಗೆ 7,20,000 ರೂಪಾಯಿ. ಕರಾರಿಗೆ ಸಹಿ ಬಿದ್ದಾಗ 1,80,000, ಅಧ್ಯಾಯಗಳ ನಕ್ಷೆ ಮತ್ತು ಒಂದು ಮಾದರಿ ಅಧ್ಯಾಯಕ್ಕೆ ಮತ್ತೆ 1,80,000, ಪೂರ್ಣ ಮೊದಲ ಕರಡಿಗೆ 2,16,000, ಕೊನೆಯ ಪ್ರತಿ ಒಪ್ಪಿಸಿದಾಗ 1,44,000. ಈ ಕೊನೆಯ ಕಂತಿನ ಮಾತಿನ ಮೇಲೆ ಕಣ್ಣಿಡಬೇಕು. 'ಪುಸ್ತಕ ಪ್ರಕಟವಾದಾಗ' ಎಂದಿದ್ದರೆ ಆ ಹಣ ಬರದೇ ಹೋಗಬಹುದು, ಕಂಪನಿ ಮಾರಾಟವಾಯಿತೆಂದೋ ಮನಸ್ಸು ಬದಲಾಯಿತೆಂದೋ ಪುಸ್ತಕಗಳು ಅಲ್ಲಲ್ಲೇ ನಿಂತುಹೋಗುತ್ತವೆ. 'ತೃಪ್ತಿಯಾದಾಗ' ಎಂದಿದ್ದರೆ ಇನ್ನೂ ಕೆಟ್ಟದ್ದು, ಏಕೆಂದರೆ ಆಗ ಅವರನ್ನು ಮೆಚ್ಚಿಸುವುದೇ ನನ್ನ ಕೆಲಸವಾಗುತ್ತದೆ. 'ಒಪ್ಪಿಸಿದಾಗ' ಎಂದಿರಬೇಕು. ತಿದ್ದುಪಡಿ ಎರಡು ಸುತ್ತು, ಸಂದರ್ಶನ ಇಪ್ಪತ್ತು ಗಂಟೆ, ಮೀರಿದರೆ ಗಂಟೆಯ ಲೆಕ್ಕದಲ್ಲಿ ಬೇರೆ. ಮತ್ತೊಂದು ಕಲಂ ತಪ್ಪದೆ ಹಾಕಿಸುತ್ತೇನೆ. ಸಂಗತಿಗಳು ನಿಜವೆಂಬ ಹೊಣೆ ಹೇಳಿದವರದು, ಅದರಿಂದ ಮಾನನಷ್ಟದ ದಾವೆ ಬಂದರೆ ಖರ್ಚೂ ಅವರದು. ಇದು ನನ್ನ ರಕ್ಷಣೆಗೆ ಎಂದು ಎಲ್ಲರೂ ಭಾವಿಸುತ್ತಾರೆ. ಆದರೆ ಸಹಿ ಮಾಡುವಾಗ ಈ ಕಲಂ ಓದಿದವರು ಮುಂದೆ ಕತೆ ಹೇಳುವಾಗ ಒಂದು ಗಳಿಗೆ ತಡೆದು ಹೇಳುತ್ತಾರೆ, ಅದು ನನಗೆ ಹೆಚ್ಚು ಉಪಯೋಗ.

ಇನ್ನು ಆ ಪುಸ್ತಕ. ಅದರ ಯಜಮಾನರು ನನಗೆ ಇದನ್ನು ಬರೆಯಲು ಬಾಯಿಮಾತಿನ ಅನುಮತಿ ಕೊಟ್ಟಿದ್ದಾರೆ, "ಹೆಸರು ಬ್ಯಾಡ, ಊರು ಬ್ಯಾಡ" ಎಂಬ ಕಟ್ಟಿನೊಂದಿಗೆ. ಹಾಗಾಗಿ ಅಂಕಿ, ಸ್ಥಳ, ಕಾರ್ಖಾನೆಯ ಮಾಲು ಎಲ್ಲ ಬದಲಿಸಿದ್ದೇನೆ. ಗೇಟು ಬದಲಿಸಿಲ್ಲ.

ಅವರು ಧಾರವಾಡದ ಕಡೆಯವರು. ಇಪ್ಪತ್ತೆರಡನೇ ವಯಸ್ಸಿಗೆ ಮಹಾರಾಷ್ಟ್ರಕ್ಕೆ ಬಂದು, ವಾಹನಗಳಿಗೆ ಬಿಡಿಭಾಗ ಮಾಡುವ ಕಾರ್ಖಾನೆ ಕಟ್ಟಿದವರು. ಮೊದಲ ಎರಡು ಸಲ ಕೂತಾಗ ಇಂಗ್ಲಿಷಿನಲ್ಲೇ ಮಾತಾಡಿದರು. ಟೈಪು ಮಾಡಿ ನೋಡಿದರೆ ಎಲ್ಲವೂ 'ಜರ್ನಿ', 'ಪ್ಯಾಶನ್', 'ಪೀಪಲ್ ಫಸ್ಟ್'. ಯಾವ ಕಂಪನಿಯ ಯಾವ ಮುಖ್ಯಸ್ಥರಾದರೂ ಆಡಬಹುದಾದ ಮಾತು. ಇದರಿಂದ ಪುಸ್ತಕ ಮಾಡಿದರೆ ಅದರಲ್ಲಿ ಕೇಳುವುದು ನನ್ನ ದನಿ, ಏಕೆಂದರೆ ಖಾಲಿ ಜಾಗವನ್ನೆಲ್ಲ ತುಂಬಬೇಕಾದವನು ನಾನು. ಮೂರನೇ ಸಲ ಚಹಾ ಬರುವ ಹೊತ್ತಿಗೆ ಕಾರ್ಖಾನೆಯಿಂದ ಫೋನ್ ಬಂತು, ಒಂದು ಪ್ರೆಸ್ ನಿಂತಿತ್ತು. ಮಾತು ಮುಗಿಸಿ ನನ್ನ ಕಡೆ ತಿರುಗಿ, "ಅಲ್ರೀ, ಮಷೀನ ನಿಂತ್ರ ಮೊದಲ ಯಾರ ಮಾಡಿದ್ರು ಅಂತ ಕೇಳಬಾರದು. ಯಾವಾಗ ಆತು ಅಂತ ಕೇಳಬೇಕು. ಯಾರು ಅಂದ್ರ ಎಲ್ಲಾರೂ ಬಾಯಿ ಮುಚ್ಕೋತಾರ" ಅಂದರು. ನಾನು, ಸರ್, ಇನ್ನು ಮುಂದೆ ಹೀಗೇ ಮಾತಾಡಿ ಅಂದೆ. ಪುಸ್ತಕ ಇಂಗ್ಲಿಷಿನದೇ, ಸಂದರ್ಶನ ಮಾತ್ರ ಕನ್ನಡದ್ದಾಯಿತು.

ದನಿ ಹಿಡಿಯುವುದು ಅಂದರೆ ಅವರು ಬಳಸುವ ಪದಗಳ ಪಟ್ಟಿ ಮಾಡುವುದು ಎಂದು ಹೊಸಬರು ತಿಳಿಯುತ್ತಾರೆ. ಪದ ಸುಲಭ, ಅದನ್ನು ಅಣಕಿಸುವವರೂ ಹಿಡಿಯುತ್ತಾರೆ. ನಾನು ಟೈಪು ಮಾಡಿದ ಹಾಳೆಗಳ ಮೇಲೆ ಗುರುತು ಹಾಕುವುದು ಬೇರೆ ಸಂಗತಿಗಳಿಗೆ. ಒಂದು ಕತೆಯನ್ನು ಎಲ್ಲಿಂದ ಶುರುಮಾಡುತ್ತಾರೆ? ಇವರು ಯಾವಾಗಲೂ ವೇಳೆಯಿಂದ, 'ಮುಂಜಾನೆ ಆರೂವರಿ ಶಿಫ್ಟಿನ್ಯಾಗ' ಎಂದು. ಯಾವುದನ್ನು ವಿವರಿಸದೆ ಬಿಡುತ್ತಾರೆ? ಎಲ್ಲಿ ನಗುತ್ತಾರೆ? ಎಲ್ಲಿ 'ನಾನು' ಎನ್ನುತ್ತಾರೆ, ಎಲ್ಲಿ 'ನಾವು'? ಈ ಕೊನೆಯದು ಎಲ್ಲಕ್ಕಿಂತ ಹೆಚ್ಚು ಹೇಳುತ್ತದೆ. ಇವರು ಗೆದ್ದ ಕಡೆ 'ನಾವು ಮಾಡಿದ್ವಿ'. ಸೋತ ಕಡೆ 'ನಾ' ಕೂಡ ಇಲ್ಲ, 'ನಾವು' ಕೂಡ ಇಲ್ಲ. ಅಲ್ಲಿ ಬರೀ 'ಆತು'. ಲಾಸ್ ಆತು, ತಡಾ ಆತು, ತಪ್ಪಾತು.

ಏಳನೇ ಸಲ ಕೂತಾಗ ಈ ಸಾಲು ಬಂತು: "ಆ ವರ್ಷ ನೂರಾ ಹನ್ನೆರಡು ಮಂದೀನ ತಗೀಬೇಕಾತ್ರಿ." ಅಷ್ಟು ಹೇಳಿ ಜರ್ಮನಿಯ ಗಿರಾಕಿಯೊಬ್ಬರ ಕತೆಗೆ ಹೋದರು.

ಕನ್ನಡದಲ್ಲಿ ಆ ವಾಕ್ಯಕ್ಕೆ ಏನೂ ಕೊರತೆಯಿಲ್ಲ. ಇಂಗ್ಲಿಷಿಗೆ ತರಲು ಕೂತಾಗ ತಿಳಿಯಿತು, ಅದರಲ್ಲಿ ತೆಗೆದವರೇ ಇಲ್ಲ. 'ಬೇಕಾತು' ಎಂಬ ಕ್ರಿಯಾಪದ ಯಾರ ತಲೆಗೂ ಹೊರೆಯಿಲ್ಲದೆ ನಿಂತುಕೊಳ್ಳುತ್ತದೆ. ಇಂಗ್ಲಿಷು ಕರ್ತೃ ಕೇಳುತ್ತದೆ. 'ಐ' ಎಂದು ಬರೆದರೆ ಅವರು ಹೇಳದ ತಪ್ಪೊಪ್ಪಿಗೆಯನ್ನು ನಾನು ಅವರ ಬಾಯಲ್ಲಿ ಇಟ್ಟಂತೆ. 'ವೀ' ಎಂದರೆ ಕಾರ್ಖಾನೆಯ ಎಲ್ಲರಿಗೂ ಹಂಚಿದಂತೆ. ಕರ್ಮಣಿ ಪ್ರಯೋಗ ಮಾಡಿ 'ಪೀಪಲ್ ವರ್ ಲೆಟ್ ಗೋ' ಎಂದರೆ ಅವರ ಸರಳ ತಪ್ಪಿಸಿಕೊಳ್ಳುವಿಕೆ ವಕೀಲರ ತಪ್ಪಿಸಿಕೊಳ್ಳುವಿಕೆಯಾಗಿ ಕೇಳುತ್ತದೆ. ಅನುವಾದ ಮಾಡುವ ಸ್ನೇಹಿತರು ಇದನ್ನು ವ್ಯಾಕರಣದ ಕಷ್ಟ ಎನ್ನುತ್ತಾರೆ. ನನಗೆ ಅದು ಅಷ್ಟಕ್ಕೇ ನಿಲ್ಲಲಿಲ್ಲ. ಆ ನೂರಾ ಹನ್ನೆರಡು ಜನರಲ್ಲಿ ಇಂಗ್ಲಿಷ್ ಓದುವ ಮಕ್ಕಳಿರುವವರು ಇರಬಹುದು.

ಖಾಲಿ ಬಿಟ್ಟ ಆ ಜಾಗಕ್ಕೆ ಕಂಪನಿಯ ಪ್ರಚಾರ ವಿಭಾಗದವರು ಒಂದು ಪ್ಯಾರಾ ಕಳಿಸಿದರು. ಆ ದಿನ ಯಜಮಾನರು ಗೇಟಿನ ಬಳಿ ನಿಂತು ಒಬ್ಬೊಬ್ಬರ ಕೈ ಹಿಡಿದು ಬೀಳ್ಕೊಟ್ಟರು, ಅಂದು ರಾತ್ರಿ ನಿದ್ದೆ ಬರಲಿಲ್ಲ ಎಂದು. ಚೆನ್ನಾಗಿಯೇ ಬರೆದಿದ್ದರು. ಯಜಮಾನರು ಅದನ್ನು ಫೋನಿನಲ್ಲಿ ಓದಿ 'ಓಕೆ' ಎಂದು ಉತ್ತರವನ್ನೂ ಹಾಕಿದ್ದರು. ಅಂದರೆ ಅನುಮತ. ಕರಾರಿನ ಪ್ರಕಾರ ನಾನು ಅದನ್ನು ಸೇರಿಸಿದರೆ ಯಾರೂ ಏನೂ ಅನ್ನುವಂತಿರಲಿಲ್ಲ.

ಮುಂದಿನ ಸಲ ಹೋದಾಗ ಆ ಪ್ಯಾರಾದ ಮಾತು ಎತ್ತಲಿಲ್ಲ. ಅವರದೇ ರೀತಿಯಲ್ಲಿ, ಯಾರು ಎಂದು ಕೇಳದೆ, ಯಾವಾಗ ಎಂದು ಕೇಳಿದೆ. ಸರ್, ಆ ದಿನ ಅವರು ಹೊರಗೆ ಹೋದಾಗ ಎಷ್ಟು ಹೊತ್ತಾಗಿತ್ತು? ನೀವೆಲ್ಲಿದ್ರಿ?

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನಾ ಇರಲಿಲ್ರಿ. ಜರ್ಮನಿಯೊಳಗಿದ್ದೆ. ಹೋಗೂ ಜರೂರ ಏನ್ ಇರಲಿಲ್ಲ, ಹೋದೆ" ಅಂದರು. ಮತ್ತೆ ತಾವಾಗಿಯೇ ಮುಂದುವರಿಸಿದರು: "ಬಂದ ಮ್ಯಾಲೆ ಒಂದ ತಿಂಗಳ ಹಿಂದಿನ ಗೇಟಿನಿಂದ ಕಾರ್ ಒಳಗ ತಗೊಂಡ್ ಹೋಗ್ತಿದ್ದೆ. ಮುಂದಿನ ಗೇಟಿನ ಎದುರಿಗೆ ಚಾದಂಗಡಿ ಐತಿ. ಅಲ್ಲೇ ಕುಂದರ್ತಿದ್ರು ಅವ್ರು."

ಈಗ ವಾಕ್ಯಕ್ಕೆ ಕರ್ತೃ ಸಿಕ್ಕಿದ. ನಾನು ಬರೆದದ್ದು ಅಷ್ಟೇ, ಜರ್ಮನಿ, ಹಿಂದಿನ ಗೇಟು, ಚಹಾದ ಅಂಗಡಿ. ಪಶ್ಚಾತ್ತಾಪ ಎಂಬ ಪದ ಹಾಕಲಿಲ್ಲ, ಅವರು ಆ ಪದ ಆಡಿರಲಿಲ್ಲ. ನಿದ್ದೆಗೆಟ್ಟ ರಾತ್ರಿಯನ್ನೂ ಬಿಟ್ಟೆ. ಇದರಲ್ಲೂ ಒಂದು ಪ್ರಶ್ನೆ ಉಳಿಯುತ್ತದೆ, ಅದನ್ನು ಬಚ್ಚಿಡುವುದಿಲ್ಲ. ತಾವೇ ಕೂತು ಬರೆದಿದ್ದರೆ ಅವರು ಆ ಗೇಟಿನ ಮಾತು ಬರೆಯುತ್ತಿದ್ದರೇ? ಬಹುಶಃ ಇಲ್ಲ. ನಾನು ಕೇಳಿದ್ದರಿಂದ ಬಂತು. ಹಾಗಾದರೆ ಅದು ಎಷ್ಟು ಅವರದು? ನನಗೆ ಕಾಣುವಂತೆ ಪೂರ್ತಿ ಅವರದು. ಕೇಳಿದ ಪ್ರಶ್ನೆ ನನ್ನದಿರಬಹುದು, ಉತ್ತರ ಅವರೊಳಗೆ ಮೊದಲೇ ಇತ್ತು. ಪ್ರಚಾರ ವಿಭಾಗದ ಕೈಕುಲುಕಾಟ ಎಷ್ಟು ಹುಡುಕಿದರೂ ಅವರೊಳಗೆ ಸಿಗುವಂಥದ್ದಲ್ಲ.

ಕರಡು ಕಂಪನಿಗೆ ಹೋದ ಮೇಲೆ ವಕೀಲರು ನೋಡಿದರು. ಆ ನೂರಾ ಹನ್ನೆರಡು ಜನ ಗುತ್ತಿಗೆಯವರು, ಕಂಪನಿಯ ಹಾಜರಿ ಪುಸ್ತಕದಲ್ಲಿ ಇದ್ದವರಲ್ಲ. ನೂರಕ್ಕಿಂತ ಹೆಚ್ಚು ಕಾರ್ಮಿಕರ ಕಾರ್ಖಾನೆಯಲ್ಲಿ ಕಾಯಂ ನೌಕರರನ್ನು ತೆಗೆಯಬೇಕಾದರೆ ಆಗಿನ ಕಾನೂನಿನಲ್ಲಿ ಸರ್ಕಾರದ ಅನುಮತಿ ಬೇಕಿತ್ತು. ಗುತ್ತಿಗೆದಾರರ ಕಡೆಯವರನ್ನು ನಾಳೆಯಿಂದ ಬೇಡ ಎಂದರೆ ಮುಗಿಯಿತು. ಈ ವ್ಯತ್ಯಾಸದ ಮೇಲೆಯೇ ಪುಸ್ತಕದ ಇನ್ನೊಂದು ಅಧ್ಯಾಯದಲ್ಲಿ ಒಂದು ಸಾಲು ನಿಂತಿತ್ತು. ನಲವತ್ತು ವರ್ಷದಲ್ಲಿ ನಮ್ಮ ರೋಲ್‌ನಲ್ಲಿದ್ದ ಒಬ್ಬರನ್ನೂ ಮನೆಗೆ ಕಳಿಸಿಲ್ಲ ಎಂದು. ಅಕ್ಷರಶಃ ನಿಜ. ವಕೀಲರ ಸಲಹೆ ಇದು: ಸಂಖ್ಯೆ ತೆಗೆಯಿರಿ, ಗೇಟಿನ ಪುಟವೂ ಬೇಡ, ರೋಲ್‌ನ ಸಾಲು ಇರಲಿ.

ಬಿಡುವುದು ಅವರ ಹಕ್ಕು ಎಂದು ನಾನು ಒಪ್ಪುತ್ತೇನೆ. ಬದುಕು ಅವರದು, ಯಾವುದನ್ನು ಹೇಳಬೇಕು ಯಾವುದನ್ನು ಬೇಡ ಎಂದು ನಿರ್ಧರಿಸಲು ನಾನು ಯಾರೂ ಅಲ್ಲ. ಇಲ್ಲದ್ದನ್ನು ಸೇರಿಸುವ ಹಕ್ಕು ಮಾತ್ರ ನಮ್ಮಿಬ್ಬರಲ್ಲಿ ಯಾರಿಗೂ ಇಲ್ಲ. ಆದರೆ ಬಿಡುವುದರಲ್ಲೂ ಒಂದು ಜಾತಿ ಸೇರಿಸುವುದಕ್ಕೆ ಸಮ. ಗೇಟಿನ ಪುಟ ತೆಗೆದು ರೋಲ್‌ನ ಸಾಲು ಉಳಿಸಿದರೆ ಓದಿದವರ ಮನಸ್ಸಿನಲ್ಲಿ ಕೂರುವುದು ಯಾರನ್ನೂ ತೆಗೆಯದ ಕಾರ್ಖಾನೆ. ಪ್ರತಿ ಪದ ನಿಜವಾಗಿದ್ದು ಒಟ್ಟು ಸುಳ್ಳಾಗುವುದು ಹೀಗೆ. ಎರಡೂ ಇರಲಿ, ಇಲ್ಲವೇ ಎರಡೂ ಹೋಗಲಿ, ಒಂದೇ ಉಳಿಯುವುದಾದರೆ ಕೊನೆಯ ಕಂತು ಬೇಡ, ನಾನು ಇಲ್ಲಿಗೆ ನಿಲ್ಲುತ್ತೇನೆ ಎಂದು ಅವರಿಗೆ ಹೇಳಿದೆ. 1,44,000 ರೂಪಾಯಿ ಮುಂಬೈಯ ನನ್ನ ಬಾಡಿಗೆ ಲೆಕ್ಕದಲ್ಲಿ ಸಣ್ಣ ಮೊತ್ತವಲ್ಲ. ಅವರು ಎರಡು ದಿನ ಬಿಟ್ಟು ಫೋನ್ ಮಾಡಿದರು. "ಗೇಟ್ ಇರ್ಲಿ ಬಿಡ್ರಿ. ನಂಬರ್ ತಗೀರಿ. ರೋಲ್ ಅನ್ನೂದೂ ತಗದ್ಬಿಡ್ರಿ, ಅದು ನನಗೂ ಒಂದ್ ನಮೂನಿ ಅನಸ್ತಿತ್ತು."

ಹೀಗೆ ಸಂಖ್ಯೆ ಹೋಯಿತು, ಗೇಟು ಉಳಿಯಿತು. ನೂರಾ ಹನ್ನೆರಡು 'ಅನೇಕ' ಆದದ್ದು ನನಗೆ ಇಷ್ಟವಾಗಲಿಲ್ಲ, ಆದರೂ ಅದು ಬಿಡುವ ಹಕ್ಕಿನೊಳಗೆ ಬರುತ್ತದೆ. ಪುಸ್ತಕ ಬಿಡುಗಡೆಯ ದಿನ ಹಿಂದಿನ ಸಾಲಿನಲ್ಲಿ ಕೂತಿದ್ದೆ, ಕಂಪನಿಯವರ ಲೆಕ್ಕದಲ್ಲಿ ಯಾರದೋ ಅತಿಥಿಯಾಗಿ. ಪ್ರಶ್ನೋತ್ತರದಲ್ಲಿ ಒಬ್ಬ ಹುಡುಗಿ ಎದ್ದು, ಆ ಚಹಾದಂಗಡಿಯವರಲ್ಲಿ ಯಾರನ್ನಾದರೂ ಆಮೇಲೆ ಭೇಟಿಯಾದಿರಾ ಎಂದು ಕೇಳಿದಳು. ಒಬ್ಬರನ್ನು, ಬಸ್ ಸ್ಟಾಂಡಿನಲ್ಲಿ, ಅವರು ನನ್ನನ್ನು ಗುರುತಿಸಿದರು, ನಾನು ಅವರನ್ನು ಗುರುತಿಸಲಿಲ್ಲ ಎಂದರು. ಈ ಸಂಗತಿ ನನಗೆ ಗೊತ್ತಿರಲಿಲ್ಲ.

ಹೆಸರಿನ ಪ್ರಶ್ನೆ ಉಳಿದಿದೆ. ನಮ್ಮ 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ನೌಕರಿಯಲ್ಲಿ ಇರದೆ ಸ್ವತಂತ್ರವಾಗಿ ಬರೆದುಕೊಡುವವರೇ ಸಾಮಾನ್ಯವಾಗಿ ಬರಹದ ಮೊದಲ ಮಾಲೀಕರು. ಲಿಖಿತ ಕರಾರಿನಿಂದ ಮಾತ್ರ ಹಕ್ಕು ಇನ್ನೊಬ್ಬರಿಗೆ ಹೋಗುತ್ತದೆ. ಕರಾರಿನಲ್ಲಿ ಅವಧಿ ಹೇಳದಿದ್ದರೆ ಐದು ವರ್ಷ, ಪ್ರದೇಶ ಹೇಳದಿದ್ದರೆ ಭಾರತ ಎಂದು ಕಾನೂನು ತಿಳಿಯುತ್ತದೆ. ದೊಡ್ಡ ಕಂಪನಿಗಳ ಕರಾರುಗಳಲ್ಲೂ ಇದನ್ನು ಬರೆಯದೆ ಬಿಟ್ಟದ್ದನ್ನು ನೋಡಿದ್ದೇನೆ. ಹಕ್ಕು ಮಾರಿದ ಮೇಲೂ ಇದು ನಾನು ಬರೆದದ್ದು ಎಂದು ಹೇಳಿಕೊಳ್ಳುವ ಲೇಖಕರ ಹಕ್ಕನ್ನು 57ನೇ ಕಲಂ ಬೇರೆಯಾಗಿಯೇ ಇಟ್ಟಿದೆ. ಅದನ್ನು ಬಿಟ್ಟುಕೊಟ್ಟಿದ್ದೇನೆ ಎಂದು ಕಂಪನಿಗಳು ಬರೆಸಿಕೊಳ್ಳುತ್ತವೆ, ನಾನು ಬರೆದುಕೊಡುತ್ತೇನೆ. ಅದರಲ್ಲಿ ನನಗೆ ನೋವಿಲ್ಲ. ಹೆಸರು ಹಾಕದಿದ್ದರೆ ಹೆಚ್ಚು, ಹಾಕಿದರೆ ಕಡಿಮೆ ಎಂದು ಎರಡು ದರ ಇಡುವವರಿದ್ದಾರೆ, ನನಗೆ ಅದು ಒಪ್ಪಿಗೆಯಿಲ್ಲ. ಕೆಲಸ ಒಂದೇ. 1984ರಲ್ಲಿ ಲೀ ಅಯಕೋಕಾ ಅವರ ಆತ್ಮಕಥೆ ಬರೆದ ವಿಲಿಯಂ ನೊವಾಕ್ ಅವರಿಗೆ ಮುಖಪುಟದಲ್ಲಿ ಹೆಸರು ಸಿಕ್ಕಿತು, ಲಕ್ಷಗಟ್ಟಲೆ ಪ್ರತಿ ಮಾರಾಟವಾದ ಆ ಪುಸ್ತಕದ ರಾಯಲ್ಟಿಯಲ್ಲಿ ಪಾಲು ಸಿಗಲಿಲ್ಲ. ಆದರೆ ಆ ಹೆಸರಿನಿಂದ ಮುಂದೆ ಅವರಿಗೆ ದೊಡ್ಡ ದೊಡ್ಡವರ ಪುಸ್ತಕಗಳು ಬಂದವು. ಹೆಸರು ನನ್ನಂಥವರಿಗೆ ಮುಂದಿನ ಕೆಲಸ ತರುವ ಬೋರ್ಡು. ಓದುವವರಿಗೆ ಅದು ಬೇರೆ, ಇದರಲ್ಲಿ ಇನ್ನೊಂದು ಕೈ ಇದೆ ಎಂಬ ಸುಳಿವು. ಹಾಗಾಗಿ ಆತ್ಮಕಥೆಗಳಲ್ಲಿ ಕೃತಜ್ಞತೆಯ ಪುಟದಲ್ಲಾದರೂ ಒಂದು ಸಾಲು ಕೇಳುತ್ತೇನೆ. ನನ್ನ ಹೆಸರೇ ಇರಬೇಕೆಂದಿಲ್ಲ. ಈ ಪುಸ್ತಕ ಮಾತುಕತೆಗಳಿಂದ ಹುಟ್ಟಿ, ಇನ್ನೊಬ್ಬರ ಸಹಾಯದಿಂದ ಬರಹವಾಯಿತು ಎಂದಿದ್ದರೆ ಸಾಕು. ಈ ಪುಸ್ತಕದಲ್ಲಿ ಅದು ಬಂದಿದೆ.

ಗುಟ್ಟಿನ ವಿಷಯದಲ್ಲಿ ನಾನು ಹಳೆಯ ಕಾಲದವನು. ಮುಂಬೈಯ ಜಿಪಿಒ ಎದುರು ಟಾರ್ಪಾಲಿನ ಕೆಳಗೆ ಕೂರುತ್ತಿದ್ದ ಪತ್ರ ಬರೆದುಕೊಡುವವರು ವಲಸೆ ಬಂದ ಸಾವಿರಾರು ಜನರ ಮನೆಯ ಸಂಗತಿ ಕೇಳಿ, ಬರೆದು, ಮನಿ ಆರ್ಡರ್ ಫಾರಂ ತುಂಬಿ ಕಳಿಸಿದರು. ಅವರಿಗೆ ಯಾರೂ ಎನ್‌ಡಿಎ ಕೊಟ್ಟಿರಲಿಲ್ಲ. ನನಗೆ ಹನ್ನೊಂದು ಪುಟದ್ದು ಕೊಡುತ್ತಾರೆ. ಅದರಲ್ಲಿ ಎರಡು ವಿಷಯ ನೋಡಿಕೊಳ್ಳುತ್ತೇನೆ. ಕೋರ್ಟು ಅಥವಾ ಕಾನೂನು ಕೇಳಿದರೆ ಹೇಳಬಹುದು ಎಂಬ ವಿನಾಯಿತಿ ಇರಬೇಕು. ಮತ್ತು ಷೇರು ಪೇಟೆಯಲ್ಲಿರುವ ಕಂಪನಿಯಾದರೆ, ಪ್ರಕಟವಾಗದ ಲಾಭನಷ್ಟದ ಮಾತು ನನ್ನ ಕಿವಿಗೆ ಬಿದ್ದ ಕೂಡಲೆ ಸೆಬಿಯ 2015ರ ನಿಯಮಗಳಲ್ಲಿ ನಾನೂ 'ಇನ್‌ಸೈಡರ್'. ಅಂಥವರ ಹೆಸರನ್ನು ಕಂಪನಿ ತನ್ನ ದಾಖಲೆಯಲ್ಲಿ ಬರೆದಿಡಬೇಕು, ಆ ಷೇರನ್ನು ನಾನು ಮುಟ್ಟಕೂಡದು. ಮುಖಪುಟದಲ್ಲಿ ಇಲ್ಲದ ನನ್ನ ಹೆಸರು ಆ ಪಟ್ಟಿಯಲ್ಲಿ ಇರುತ್ತದೆ.

ರೆಕಾರ್ಡಿಂಗ್‌ಗಳ ಬಗ್ಗೆ ಕರಾರಿನಲ್ಲಿ ಹೀಗಿರುತ್ತದೆ: ಅವು ಅವರ ಸ್ವತ್ತು, ಪುಸ್ತಕ ಬಂದ ತೊಂಬತ್ತು ದಿನಕ್ಕೆ ನನ್ನ ಬಳಿಯ ಪ್ರತಿ ಅಳಿಸಬೇಕು. ಈ ಸಲ ತೊಂಬತ್ತು ದಿನ ಆಗುವ ಮೊದಲೇ ಅವರ ಮಗಳು ಫೋನ್ ಮಾಡಿದರು. ಪುಣೆಯಲ್ಲಿ ಹುಟ್ಟಿ ಬೆಳೆದವರು, ಕನ್ನಡ ಅರ್ಥವಾಗುತ್ತದೆ, ಮಾತಾಡಲು ಸಂಕೋಚ. ಅಪ್ಪ ಇಷ್ಟು ಹೊತ್ತು ಕನ್ನಡದಲ್ಲಿ ಮಾತಾಡಿದ್ದು ನಾನು ಕೇಳಿಯೇ ಇಲ್ಲ, ಆ ಆಡಿಯೋ ನನಗೆ ಬೇಕು ಎಂದರು. ಕೊಡುವ ಅಧಿಕಾರ ನನ್ನದಲ್ಲ, ಅವರ ತಂದೆಯನ್ನು ಕೇಳಿದೆ. ಕೊಡ್ರಿ ಎಂದರು. ಮತ್ತೆ ಸ್ವಲ್ಪ ತಡೆದು, ಹನ್ನೊಂದನೇದ್ದು ಬ್ಯಾಡ ಎಂದರು. ಹದಿಮೂರು ಫೈಲುಗಳನ್ನು ಒಂದು ಪೆನ್‌ಡ್ರೈವಿನಲ್ಲಿ ಹಾಕಿ ಕಳಿಸಿದೆ. ಹನ್ನೊಂದನೆಯದನ್ನು ಅಂದೇ ಅಳಿಸಿದೆ.